ಉಳಿಕೆಯನ್ನು ಕೈಯಲ್ಲಿ ಬರೆಯಬೇಡಿ

ತುಮಕೂರಿನ ಒಂದು ಸಗಟು ಬಟ್ಟೆ ಅಂಗಡಿಗೆ ನಾನು ತಿಂಗಳಿಗೆರಡು ಸಲ ಲೆಕ್ಕ ಬರೆಯಲು ಹೋಗುತ್ತೇನೆ. ಮಾಲೀಕರನ್ನು ಬಿಟ್ಟರೆ ಒಂಬತ್ತು ಜನ ಕೆಲಸಗಾರರು. 2025ರ ಜುಲೈ ಮೊದಲ ವಾರ ಹೋದಾಗ ಸೀರೆ ವಿಭಾಗದ ಅಕ್ಕನಿಗೂ ಮಾಲೀಕರಿಗೂ ರಜೆಯ ವಿಷಯಕ್ಕೆ ಮಾತು ಬೆಳೆದಿತ್ತು. "ನಂದು ಇನ್ನೂ ಒಂಬತ್ತೂವರೆ ದಿನ ರಜ ಐತೆ ಸಾರ್" ಎಂದು ಆಕೆ. "ಏಳೇ ಇರೋದಮ್ಮ, ಕಂಪ್ಯೂಟರಲ್ಲೇ ಐತೆ ನೋಡು" ಎಂದು ಇವರು.

ಕಂಪ್ಯೂಟರಿನಲ್ಲಿ ಏಳು ಇದ್ದದ್ದು ನಿಜ. ಆದರೆ ಆ ಏಳನ್ನು ಅಲ್ಲಿಟ್ಟವರು ಮಾಲೀಕರೇ. ಯಾರಾದರೂ ರಜೆ ಹಾಕಿದಾಗ ಶೀಟ್ ತೆಗೆದು, ಆ ಹೆಸರಿನ ಮುಂದಿನ ಅಂಕಿಯಲ್ಲಿ ಒಂದು ಕಳೆದು ಹೊಸ ಅಂಕಿ ಬರೆಯುವುದು ಅವರ ಪದ್ಧತಿ. ಹತ್ತು ಹೋಗಿ ಒಂಬತ್ತಾಯಿತು, ಒಂಬತ್ತು ಹೋಗಿ ಎಂಟಾಯಿತು. ಯಾವ ದಿನಕ್ಕೆ, ಯಾವ ಕಾರಣಕ್ಕೆ ಕಳೆದದ್ದು ಎಂದು ಕೇಳಿದರೆ ಶೀಟಿನಲ್ಲಿ ಉತ್ತರವಿಲ್ಲ. ಕ್ಯಾಷ್ ಪುಸ್ತಕದಲ್ಲಿ ಜಮಾ ಖರ್ಚು ಬರೆಯದೆ ದಿನದ ಕೊನೆಯ ಉಳಿಕೆ ಮಾತ್ರ ಬರೆದಿಟ್ಟ ಹಾಗೆ. ಅವರ ಹಣದ ಲೆಕ್ಕವನ್ನು ಯಾರಾದರೂ ಹೀಗೆ ಬರೆದಿದ್ದರೆ ಆ ಮನುಷ್ಯನನ್ನು ಅಂದೇ ಮನೆಗೆ ಕಳಿಸುತ್ತಿದ್ದರು.

ಹಾಜರಿಯನ್ನು ಅವರು ಬೇರೆ ಶೀಟಿನಲ್ಲಿ ಗುರುತು ಹಾಕುತ್ತಿದ್ದರು, ತಿಂಗಳಿಗೊಂದು ಶೀಟು. ಅದನ್ನು ತೆಗೆದು ಅಕ್ಕನ ಸಾಲು ನೋಡಿದರೆ ಮೂರು ಕಡೆ ವಿಚಿತ್ರವಾಗಿ `01-Feb` ಎಂದಿತ್ತು. ಏಪ್ರಿಲ್ ತಿಂಗಳಲ್ಲಿ ಫೆಬ್ರವರಿ ಒಂದು ಹೇಗೆ ಬಂತು? ಅರ್ಧ ದಿನಕ್ಕೆಂದು ಅವರು `1/2` ಎಂದು ಟೈಪ್ ಮಾಡಿದ್ದರು. ಎಕ್ಸೆಲ್ ಅದನ್ನು ಒಂದನೇ ತಾರೀಖು, ಎರಡನೇ ತಿಂಗಳು ಎಂದು ತಿಳಿದುಕೊಂಡಿತ್ತು. ಹೀಗೆ ಮೂರು ಅರ್ಧ ದಿನಗಳು ಲೆಕ್ಕದಿಂದಲೇ ಮಾಯವಾಗಿದ್ದವು.

ಅಂದು ಮಧ್ಯಾಹ್ನ ಕೂತು ಹೊಸ ಶೀಟ್ ಮಾಡಿದೆವು. ತಿಂಗಳಿಗೊಂದರಂತೆ ಹನ್ನೆರಡು ಶೀಟ್ ಬೇಡವೆಂದೆ. ವರ್ಷದ ರಜೆ ಕೂಡಿಸಲು ಹನ್ನೆರಡು ಕಡೆ ಓಡಾಡಬೇಕು, ಒಂದು ಶೀಟಿನಲ್ಲಿ ಸಾಲು ಜಾರಿದರೂ ಮೊತ್ತ ಕೆಡುತ್ತದೆ. ಬದಲಿಗೆ ಹಾಜರಿ ಪುಸ್ತಕವನ್ನು ಅಡ್ಡದಿಂದ ಉದ್ದಕ್ಕೆ ತಿರುಗಿಸಿದೆವು. `A` ಕಾಲಂನಲ್ಲಿ ಮೇಲಿಂದ ಕೆಳಗೆ ವರ್ಷದ 365 ತಾರೀಖುಗಳು, 11ನೇ ಸಾಲಿನಿಂದ 375ರವರೆಗೆ. `B`ಯಲ್ಲಿ ವಾರ. `C`ಯಿಂದ ಮುಂದಕ್ಕೆ ಒಬ್ಬೊಬ್ಬರಿಗೆ ಒಂದೊಂದು ಕಾಲಂ. ಮೇಲಿನ ಹತ್ತು ಸಾಲುಗಳಲ್ಲಿ ಅವರವರ ಹೆಸರು ಮತ್ತು ರಜೆಯ ಲೆಕ್ಕ. ಕೆಳಗೆ ಎಷ್ಟು ಸರಿದರೂ ಅವು ಕಣ್ಣೆದುರೇ ಇರುವಂತೆ ಫ್ರೀಜ್ ಮಾಡಿಟ್ಟೆವು. ಹೊಸಬರು ಸೇರಿದರೆ ಒಂದು ಕಾಲಂ ಕಾಪಿ ಮಾಡಿ, ಗುರುತುಗಳನ್ನು ಅಳಿಸಿದರೆ ಮುಗಿಯಿತು.

ದಿನಕ್ಕೊಂದು ಮನೆ, ಮನೆಗೊಂದು ಗುರುತು. ಬಂದರೆ `P`, ಹೇಳದೆ ಕೇಳದೆ ತಪ್ಪಿಸಿದರೆ `A`, ವಾರದ ರಜೆ `W`, ಹಬ್ಬ `H`, ಗಳಿಕೆ ರಜೆ `E`, ಕಾಯಿಲೆ ಅಥವಾ ತುರ್ತು ಕೆಲಸದ ರಜೆ `S`. ಅರ್ಧ ದಿನವಾದರೆ ಅದೇ ಅಕ್ಷರದ ಪಕ್ಕ 2: `E2`, `S2`, `A2`. ಅಂದರೆ ಅರ್ಧ ದಿನ ಕೆಲಸ, ಉಳಿದರ್ಧ ಆ ಲೆಕ್ಕಕ್ಕೆ. ವರ್ಷದ ನಡುವೆ ಸೇರಿದವರಿಗೆ ಸೇರುವ ಮುಂಚಿನ ದಿನಗಳಿಗೆಲ್ಲ `N`. ಆ ವರ್ಷ ಗಣರಾಜ್ಯೋತ್ಸವವೂ ಯುಗಾದಿಯೂ ಭಾನುವಾರವೇ ಬಿದ್ದಿದ್ದವು. ಅಂಥ ದಿನಕ್ಕೆ `W` ಹಾಕುವುದೋ `H` ಹಾಕುವುದೋ ಎಂಬ ಚರ್ಚೆಯಾಗಿ `H` ಎಂದು ತೀರ್ಮಾನವಾಯಿತು. ಯಾವುದಾದರೂ ಸರಿ, ಎಲ್ಲರಿಗೂ ಒಂದೇ ಇರಬೇಕು.

ಇನ್ನು ಲೆಕ್ಕ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆಯ ಪ್ರಕಾರ ವಯಸ್ಕ ಕೆಲಸಗಾರರಿಗೆ ದುಡಿದ ಪ್ರತಿ 20 ದಿನಕ್ಕೆ ಒಂದು ದಿನ ಸಂಬಳಸಹಿತ ರಜೆ. ಇದಲ್ಲದೆ ಕಾಯಿಲೆ, ಅಪಘಾತ ಅಥವಾ ಸರಿಯಾದ ಬೇರೆ ಕಾರಣಕ್ಕೆ ವರ್ಷಕ್ಕೆ 12 ದಿನದವರೆಗೆ. ಮೊದಲನೆಯದು ದುಡಿದಂತೆ ಬೆಳೆಯುತ್ತದೆ, ಎರಡನೆಯದು ವರ್ಷದ ಮೊದಲೇ ಕೈಯಲ್ಲಿರುತ್ತದೆ. ಎರಡನ್ನೂ ಒಂದೇ ಮಡಕೆಗೆ ಸುರಿದದ್ದು ಮಾಲೀಕರ ಹಳೆಯ ತಪ್ಪುಗಳಲ್ಲಿ ಒಂದು.

2ನೇ ಸಾಲಿನಲ್ಲಿ ಹಿಂದಿನ ವರ್ಷದಿಂದ ಬಂದ ಗಳಿಕೆ ರಜೆ. ಲೆಕ್ಕದ ಸಾಲುಗಳಲ್ಲಿ ಕೈಯಲ್ಲಿ ಬರೆಯುವ ಅಂಕಿ ಇದೊಂದೇ. 3ರಿಂದ 7ರವರೆಗಿನ ಸಾಲುಗಳು ಹೀಗೆ:

```
C3: =COUNTIF(C$11:C$375,"P")+COUNTIF(C$11:C$375,"?2")/2
C4: =INT(C3/20)
C5: =COUNTIF(C$11:C$375,"E")+COUNTIF(C$11:C$375,"E2")/2
C6: =C2+C4-C5
C7: =12-COUNTIF(C$11:C$375,"S")-COUNTIF(C$11:C$375,"S2")/2
```

`COUNTIF` ಮಾಡುವ ಕೆಲಸ ಇಷ್ಟೇ: ಹೇಳಿದ ಗುರುತು ಎಷ್ಟು ಮನೆಗಳಲ್ಲಿದೆ ಎಂದು ಎಣಿಸುತ್ತದೆ. `?2` ಎಂದರೆ ಮೊದಲ ಅಕ್ಷರ ಯಾವುದಾದರೂ ಇರಲಿ, ಮುಂದೆ 2 ಇರಬೇಕು. ಮೂರು ಬಗೆಯ ಅರ್ಧ ದಿನಗಳೂ ಒಂದೇ ಏಟಿಗೆ ಸಿಗುತ್ತವೆ. ಎಕ್ಸೆಲ್, ಗೂಗಲ್ ಶೀಟ್ಸ್ ಎರಡರಲ್ಲೂ ಇದು ನಡೆಯುತ್ತದೆ. 3ನೇ ಸಾಲು ದುಡಿದ ದಿನ, 4 ಗಳಿಸಿದ ರಜೆ, 5 ಬಳಸಿದ್ದು, 6 ಗಳಿಕೆ ರಜೆಯ ಉಳಿಕೆ, 7 ಕಾಯಿಲೆ ರಜೆಯ ಉಳಿಕೆ.

ಅಕ್ಕನ ಆರು ತಿಂಗಳನ್ನು ಹಳೆಯ ಶೀಟು, ರಜೆ ಚೀಟಿ, ಆಕೆಯ ನೆನಪು ಮೂರನ್ನೂ ಎದುರಿಟ್ಟುಕೊಂಡು ತುಂಬಿದೆವು. ಜನವರಿಯಿಂದ ಜೂನ್ ಕೊನೆಯವರೆಗೆ 181 ದಿನ. ಭಾನುವಾರ, ಹಬ್ಬ ಸೇರಿ 28 ಹೋದರೆ 153. ಅದರಲ್ಲಿ `P` 138, `E` 6, `E2` ಒಂದು, `S` 3, `S2` ಎರಡು, `A` 3. ದುಡಿದ ದಿನ 138ಕ್ಕೆ ಮೂರು ಅರ್ಧಗಳು ಸೇರಿ 139.5. ಇಪ್ಪತ್ತರಿಂದ ಭಾಗಿಸಿದರೆ 6.975, `INT` ಚೂರನ್ನು ಬಿಟ್ಟು 6 ಎನ್ನುತ್ತದೆ. ವರ್ಷದ ಮೊದಲು ಆಕೆಯ ಬಳಿ 9 ಇತ್ತು. ಒಂಬತ್ತು, ಆರು, ಹದಿನೈದು, ಬಳಸಿದ್ದು ಆರೂವರೆ, ಉಳಿದದ್ದು 8.5.

ಅಂದರೆ ಇಬ್ಬರದ್ದೂ ತಪ್ಪು! ಅಕ್ಕ ಗಳಿಕೆಯನ್ನು ಏಳು ಎಂದು ಹಿಡಿದಿದ್ದರು. ಏಳನೆಯದು ಸಿಗಲು ಇನ್ನರ್ಧ ದಿನ ದುಡಿಯಬೇಕಿತ್ತು, ಜುಲೈ ಒಂದರಂದೇ ಅದೂ ಸಿಕ್ಕಿತು ಅನ್ನಿ. ಮಾಲೀಕರು ಅರ್ಧ ದಿನದ ಗಳಿಕೆ ರಜೆಗೆ ಪೂರ್ತಿ ಒಂದು ಕಳೆದಿದ್ದರು, ಜೊತೆಗೆ ಒಂದು ದಿನದ ಜ್ವರದ ರಜೆಯನ್ನೂ ಇದರಲ್ಲೇ ಮುರಿದಿದ್ದರು. ಎಂಟೂವರೆಯಲ್ಲಿ ಒಂದೂವರೆ ಹೋಗಿ ಏಳಾದದ್ದು ಹೀಗೆ. ಯಾವ ತಾರೀಖಿನದು ಎಂದು ಬೆರಳಿಟ್ಟು ತೋರಿಸಲು ಬಂದದ್ದರಿಂದ ಜಗಳ ಅಲ್ಲಿಗೇ ನಿಂತಿತು.

ಇಂಥ ಶೀಟು ಕೆಟ್ಟರೆ ಸದ್ದು ಮಾಡದೆ ಕೆಡುತ್ತದೆ. ಒಂದು ದಿನ ಗುರುತು ಹಾಕುವುದು ಮರೆತರೆ ಫಾರ್ಮುಲಾ ದೂರುವುದಿಲ್ಲ, ಒಂದು ದಿನ ಕಡಿಮೆ ಎಣಿಸಿ ಸುಮ್ಮನಿರುತ್ತದೆ. `P` ಒತ್ತಿ ಜೊತೆಗೆ ಸ್ಪೇಸ್ ಒತ್ತಿದರೆ ಕಣ್ಣಿಗೆ `P` ಎಂದೇ ಕಾಣುತ್ತದೆ, ಎಣಿಕೆಗೆ ಬರುವುದಿಲ್ಲ. ಅದಕ್ಕೇ 8 ಮತ್ತು 9ನೇ ಸಾಲುಗಳನ್ನು ಕಾವಲಿಗೆ ಇಟ್ಟೆವು.

```
C8: =COUNTIFS($A$11:$A$375,"<="&TODAY(),C$11:C$375,"")
C9: =COUNTA(C$11:C$375)-SUMPRODUCT(COUNTIF(C$11:C$375,{"P","A","W","H","E","S","N","E2","S2","A2"}))
```

8ನೇ ಸಾಲು ಇವತ್ತಿನವರೆಗೆ ಖಾಲಿ ಉಳಿದ ಮನೆಗಳನ್ನು ಎಣಿಸುತ್ತದೆ. 9ನೇ ಸಾಲು ತುಂಬಿದ ಮನೆಗಳಲ್ಲಿ ನಮ್ಮ ಹತ್ತು ಗುರುತುಗಳಿಗೆ ಸೇರದ್ದು ಎಷ್ಟು ಎಂದು ಹೇಳುತ್ತದೆ. ಎರಡೂ ಸೊನ್ನೆ ಇದ್ದರೆ ಮಾತ್ರ ಮೇಲಿನ ಉಳಿಕೆಯನ್ನು ನಂಬಬಹುದು. ಸೊನ್ನೆಯಲ್ಲದಿದ್ದರೆ ಕೆಂಪಾಗುವಂತೆ ಬಣ್ಣ ಕಟ್ಟಿದ್ದೇವೆ. ಪಟ್ಟಿಯಿಂದಲೇ ಗುರುತು ಆರಿಸುವಂತೆ ಡೇಟಾ ವ್ಯಾಲಿಡೇಶನ್ ಕೂಡ ಹಾಕಿದೆ. ಆದರೆ ಬೇರೆ ಕಡೆಯಿಂದ ಕಾಪಿ ಮಾಡಿ ಪೇಸ್ಟ್ ಮಾಡಿದರೆ ಆ ಬೇಲಿ ಮುರಿಯುತ್ತದೆ. ನಮ್ಮ ಮಾಲೀಕರಿಗೆ ಪೇಸ್ಟ್ ಎಂದರೆ ಬಲು ಪ್ರೀತಿ, ಹಾಗಾಗಿ 9ನೇ ಸಾಲನ್ನು ತೆಗೆಯಲು ಬಿಡಲಿಲ್ಲ.

ಒಂದು ತಪ್ಪು ನಾನೇ ಮಾಡಿದ್ದೆ. ಗಳಿಕೆ ರಜೆಯನ್ನು ಇಂತಿಷ್ಟು ದಿನದವರೆಗೆ ಮಾತ್ರ ಕೂಡಿಡಬಹುದು ಎಂಬ ಮಿತಿ ಇರುತ್ತದೆ. ಆ ಮಿತಿ 45 ಎಂದಿಟ್ಟುಕೊಳ್ಳಿ. ಜಾಣನಂತೆ `C6`ನಲ್ಲಿ `=MIN(C2+C4-C5,45)` ಎಂದು ಬರೆದೆ. ಹಳೆಯ ಗುಮಾಸ್ತರೊಬ್ಬರ ಲೆಕ್ಕ 50ಕ್ಕೆ ಹೋಗಿತ್ತು, ಶೀಟು 45 ತೋರಿಸಿತು, ಸರಿ. ಆಮೇಲೆ ಅವರು ಮಗಳ ಮದುವೆಗೆಂದು ಮೂರು ದಿನ ರಜೆ ಹಾಕಿದರು. ಉಳಿಕೆ ಆಗಲೂ 45! ಒಳಗೆ 50 ಹೋಗಿ 47 ಆಗಿತ್ತು, `MIN` ಅದನ್ನು ಮತ್ತೆ 45ಕ್ಕೆ ಕತ್ತರಿಸಿ ತೋರಿಸುತ್ತಿತ್ತು. ಮೂರು ದಿನದ ರಜೆ ಪುಕ್ಕಟೆಯಾಯಿತು. ವರ್ಷದ ನಡುವೆ ಉಳಿಕೆಯನ್ನು ಕತ್ತರಿಸಬಾರದು. ಡಿಸೆಂಬರ್ 31ರ ಉಳಿಕೆಯನ್ನು ಮುಂದಿನ ವರ್ಷದ 2ನೇ ಸಾಲಿಗೆ ಒಯ್ಯುವಾಗ ಒಂದೇ ಸಲ ಕತ್ತರಿಸಬೇಕು. ಮಿತಿ ಎಷ್ಟೆಂದು ನಿಮ್ಮ ಲೆಕ್ಕಪರಿಶೋಧಕರನ್ನು ಕೇಳಿ, ಅಂಕಿಯನ್ನು ಬೇರೆಯೇ ಮನೆಯಲ್ಲಿ ಇಡಿ. ಕಾನೂನು ಬದಲಾದರೆ ಒಂದೇ ಕಡೆ ತಿದ್ದಿದರೆ ಸಾಕು.

ಶೀಟಿಗೆ ಗೊತ್ತಾಗದ ಸಂಗತಿಗಳೂ ಇವೆ. ಶನಿವಾರ, ಸೋಮವಾರ ರಜೆ ಹಾಕಿದರೆ ನಡುವಿನ ಭಾನುವಾರವನ್ನೂ ರಜೆಗೆ ಹಿಡಿಯುವುದೋ ಇಲ್ಲವೋ? ಗಳಿಸಿದ ರಜೆಯನ್ನು ಅದೇ ವರ್ಷ ಬಳಸಲು ಬಿಡುವುದೋ, ಮುಂದಿನ ಜನವರಿಗೆ ಕೊಡುವುದೋ? ನಮ್ಮ ಅಂಗಡಿಯಲ್ಲಿ ಭಾನುವಾರ ಭಾನುವಾರವೇ, ಗಳಿಸಿದ್ದನ್ನು ಅದೇ ವರ್ಷ ಬಳಸಬಹುದು. ಇದನ್ನು ಶೀಟ್ ತೆರೆಯುವ ಮುಂಚೆಯೇ ಕೂತು ಮಾತಾಡಿ, ಬರೆದು, ಗೋಡೆಗೆ ಅಂಟಿಸಿದೆವು.

ಫಾರ್ಮುಲಾ ಇರುವ ಸಾಲುಗಳನ್ನು ಪ್ರೊಟೆಕ್ಟ್ ಮಾಡಿದ್ದೇವೆ. ತಿಂಗಳ ಕೊನೆಗೆ ಮೇಲಿನ ಹತ್ತು ಸಾಲನ್ನೂ ಆ ತಿಂಗಳ ಗುರುತುಗಳನ್ನೂ ಪ್ರಿಂಟ್ ತೆಗೆದು, ಅವರವರ ಕಾಲಂ ಕೆಳಗೆ ಸಹಿ ಹಾಕಿಸುತ್ತೇವೆ. ತಿಂಗಳ ಹಿಂದಿನ ಅರ್ಧ ದಿನ ನೆನಪಿರುತ್ತದೆ, ಆರು ತಿಂಗಳ ಹಿಂದಿನದು ಯಾರಿಗೂ ನೆನಪಿರುವುದಿಲ್ಲ.

ಈ ಶೀಟನ್ನು ಬಳಸುವವರು 2028ರಲ್ಲಿ ಒಂದು ಸಾಲು ಜಾಸ್ತಿ ಮಾಡಿಕೊಳ್ಳಿ. ಆ ವರ್ಷ ಫೆಬ್ರವರಿಗೆ 29 ದಿನ. 375ಕ್ಕೆ ನಿಂತ ಫಾರ್ಮುಲಾ ಡಿಸೆಂಬರ್ 31ನ್ನು ಎಣಿಸುವುದಿಲ್ಲ.