ಗಿರಾಕಿ ಕೇಳುವ ಮೊದಲೇ ಉತ್ತರ ಸಿದ್ಧವಿರಲಿ
ಮೇವಿನ ಕಡ್ಡಿ ಮಾರುವ ಸದಸ್ಯರಿಗೆ ಮೊಬೈಲ್‌ನಲ್ಲಿನ ಮೂರು ಅನುಕೂಲಗಳು



ಹಸುಗಳಿಗೆಂದು ಹಾಕಿದ ನೇಪಿಯರ್ ಹುಲ್ಲಿನಲ್ಲಿ ಸ್ವಲ್ಪ ಭಾಗವನ್ನು ಬಲಿಯಲು ಬಿಟ್ಟು, ನಾಟಿಗೆ ಕಡ್ಡಿ ಮಾರುವವರು ನಮ್ಮಲ್ಲಿದ್ದಾರೆ. ಇನ್‌ಸ್ಟಾಗ್ರಾಂನಲ್ಲಿ ತೋಟದ ಚಿತ್ರ ಹಾಕಿದರೆ ಸಾಕು, ದೂರದ ಊರುಗಳಿಂದಲೂ ಗಿರಾಕಿಗಳು ವಿಚಾರಿಸುತ್ತಾರೆ. ಆದರೆ ಅವರ ಸಂದೇಶ ಬರುವುದು ನಾವು ಹಾಲು ಕರೆಯುವ ಹೊತ್ತಿಗೆ. ದರ ಎಷ್ಟು, ಎಕರೆಗೆ ಎಷ್ಟು ಕಡ್ಡಿ ಬೇಕು, ಹೇಗೆ ನೆಡಬೇಕು, ಬಸ್ಸಿಗೆ ಹಾಕಿ ಕಳುಹಿಸುತ್ತೀರಾ ಎಂಬ ನಾಲ್ಕೈದು ಪ್ರಶ್ನೆಗಳೇ ತಿರುತಿರುಗಿ ಬರುತ್ತವೆ. ಉತ್ತರ ಸಂಜೆಗೆ ಹೋದರೆ ಗಿರಾಕಿ ಬೇರೆ ಕಡೆ ಕೊಂಡಿರುತ್ತಾನೆ. ಅರ್ಧ ಉತ್ತರ ಹೋದರೆ ಕಡ್ಡಿ ತಪ್ಪಾಗಿ ನೆಟ್ಟು, ಚಿಗುರಲಿಲ್ಲವೆಂದು ನಮ್ಮನ್ನೇ ದೂರುತ್ತಾನೆ.

ಇದಕ್ಕೆ ಮೂರು ಅನುಕೂಲಗಳಿವೆ. ಇನ್‌ಸ್ಟಾಗ್ರಾಂನಲ್ಲಿ ಹೈಲೈಟ್ ಮತ್ತು ಪಿನ್ ಮಾಡಿದ ಪೋಸ್ಟ್. ವಾಟ್ಸಾಪ್ ಬಿಸಿನೆಸ್‌ನಲ್ಲಿ ಉಳಿಸಿಟ್ಟ ಉತ್ತರ. ಮೂರರಲ್ಲೂ ಎಲ್ಲವನ್ನೂ ತುಂಬುವುದಲ್ಲ. ಯಾವ ಉತ್ತರ ಎಷ್ಟು ಬೇಗ ಬದಲಾಗುತ್ತದೆ ಎಂಬುದನ್ನು ನೋಡಿ ಅದರ ಜಾಗ ಗೊತ್ತುಮಾಡಬೇಕು.

ಮೊದಲು ಪ್ರಶ್ನೆಗಳನ್ನು ಬರೆದುಕೊಳ್ಳಿ

ಒಂದು ವಾರ ಕಾಲ ಬರುವ ಪ್ರತಿಯೊಂದು ಪ್ರಶ್ನೆಯನ್ನೂ ಗಿರಾಕಿ ಕೇಳಿದ ಮಾತಿನಲ್ಲೇ ಪುಸ್ತಕದಲ್ಲಿ ಬರೆಯಿರಿ. ಪುನಃ ಬಂದರೆ ಪಕ್ಕದಲ್ಲಿ ಗೀಟು ಹಾಕಿ. ವಾರದ ಕೊನೆಗೆ ಅವನ್ನು ಮೂರು ಗುಂಪು ಮಾಡಿ. ನೆಡುವ ಕ್ರಮ ವರ್ಷವಿಡೀ ಒಂದೇ. ಯಾವ ತಳಿ ಇದೆ, ಎಷ್ಟರಿಂದ ಮಾರಾಟ, ಹೇಗೆ ಕಳುಹಿಸುತ್ತೇವೆ ಎಂಬುದು ಹಂಗಾಮಿಗೊಮ್ಮೆ ಬದಲಾಗಬಹುದು. ದರ ಮತ್ತು ಕಟಾವಿನ ದಿನ ವಾರವಾರವೂ ಬದಲಾಗುತ್ತದೆ.

ಬದಲಾಗದ ಉತ್ತರಕ್ಕೆ ಹೈಲೈಟ್

ಇನ್‌ಸ್ಟಾಗ್ರಾಂನಲ್ಲಿ ಸ್ಟೋರಿ ಎಂದು ಹಾಕಿದ್ದು 24 ಗಂಟೆಗಳಲ್ಲಿ ಮರೆಯಾಗುತ್ತದೆ. ಅದನ್ನೇ ಹೈಲೈಟ್‌ಗೆ ಸೇರಿಸಿದರೆ, ನಾವು ತೆಗೆಯುವವರೆಗೂ ನಮ್ಮ ಪುಟದ ಮೇಲ್ಭಾಗದಲ್ಲಿ ದುಂಡನೆಯ ಗುರುತಾಗಿ ಉಳಿಯುತ್ತದೆ. ಆರ್ಕೈವ್ ಆಯ್ಕೆ ಚಾಲೂ ಇದ್ದರೆ ಹಳೆಯ ಸ್ಟೋರಿಯನ್ನೂ ಮುಂದೆ ಯಾವಾಗಲಾದರೂ ಸೇರಿಸಬಹುದು.

‘ನೆಡುವ ಕ್ರಮ’ ಎಂಬ ಹೈಲೈಟ್‌ಗೆ ನಾಲ್ಕು ಚಿಕ್ಕ ವಿಡಿಯೋ ಸಾಕು. ಮೊದಲನೆಯದರಲ್ಲಿ ಬಲಿತ ಕಾಂಡವನ್ನು ಎರಡು ಗಿಣ್ಣು ಬರುವಂತೆ ಕತ್ತರಿಸುವುದನ್ನು ತೋರಿಸಿ. ಎರಡನೆಯದರಲ್ಲಿ ಒಂದು ಗಿಣ್ಣು ಮಣ್ಣಿನೊಳಗೆ, ಇನ್ನೊಂದು ಮೇಲೆ ಇರುವಂತೆ ಓರೆಯಾಗಿ ನೆಡುವುದನ್ನು ತೋರಿಸಿ. ಮೂರನೆಯದರಲ್ಲಿ ಎರಡಡಿ ಅಂತರದ ಸಾಲನ್ನೂ, ನೆಟ್ಟೊಡನೆ ನೀರು ಕೊಡುವುದನ್ನೂ ತೋರಿಸಿ. ನಾಲ್ಕನೆಯದರಲ್ಲಿ ಮೊದಲ ಕಟಾವು ಸುಮಾರು 75 ದಿನಕ್ಕೆ, ಆನಂತರ ಸುಮಾರು 45 ದಿನಕ್ಕೊಮ್ಮೆ ಎಂದು ಬಾಯಲ್ಲಿ ಹೇಳಿ. ಓದಲು ಕಷ್ಟಪಡುವ ಗಿರಾಕಿಗೂ ಧ್ವನಿ ತಿಳಿಯುತ್ತದೆ. ಕೆಲಸದ ಕ್ರಮದಲ್ಲೇ ಸೇರಿಸಿರಿ. ಹೆಸರು ಉದ್ದವಾದರೆ ಗುರುತಿನ ಕೆಳಗೆ ಪೂರ್ತಿ ಕಾಣುವುದಿಲ್ಲ. ಒಂದೆರಡು ಪದ ಸಾಕು.

ಹಂಗಾಮಿನ ಮಾಹಿತಿಗೆ ಪಿನ್ ಮಾಡಿದ ಪೋಸ್ಟ್

ಹೊಸ ಚಿತ್ರ ಹಾಕಿದಂತೆಲ್ಲ ಹಳೆಯದು ಕೆಳಗೆ ಸರಿಯುತ್ತದೆ. ಪೋಸ್ಟಿನ ಮೂಲೆಯ ಮೂರು ಚುಕ್ಕಿ ಒತ್ತಿ ಪಿನ್ ಮಾಡುವ ಆಯ್ಕೆ ಆರಿಸಿದರೆ ಅದು ಮೇಲೆಯೇ ನಿಲ್ಲುತ್ತದೆ. ಹೀಗೆ ಮೂರು ಪೋಸ್ಟ್‌ಗಳನ್ನು ನಿಲ್ಲಿಸಬಹುದು. ಮೇವಿನ ಕಡ್ಡಿಗೆ ಒಂದೇ ಸಾಕು: ತಳಿ ಯಾವುದು, ಕನಿಷ್ಠ ಎಷ್ಟು ತುಂಡು ಕೊಳ್ಳಬೇಕು, ಎಕರೆಗೆ ಎಷ್ಟು ಬೇಕು, ಹೇಗೆ ತಲುಪಿಸುತ್ತೀರಿ ಎಂಬ ನಾಲ್ಕು ಸಾಲು.

ಎಕರೆಗೆ ಬೇಕಾದ ಲೆಕ್ಕ ಸುಲಭ. ಎಕರೆಯೆಂದರೆ 43,560 ಚದರಡಿ. ಎರಡಡಿಗೆ ಎರಡಡಿ ಅಂತರವಾದರೆ ಒಂದು ತುಂಡಿಗೆ ನಾಲ್ಕು ಚದರಡಿ. ಅಂದರೆ ಸುಮಾರು 11,000 ತುಂಡು. ಚಿಗುರದೆ ಹೋದ ಜಾಗ ತುಂಬಲು ಕೆಲವು ನೂರು ಹೆಚ್ಚಾಗಿ ಬೇಕೆಂದೂ ಬರೆಯಿರಿ.

ಒಂದು ಎಚ್ಚರಿಕೆ. ಪೋಸ್ಟಿನ ಕೆಳಗಿನ ಬರಹವನ್ನು ಆಮೇಲೆ ತಿದ್ದಬಹುದು. ಚಿತ್ರದ ಮೇಲೆ ಬರೆದದ್ದನ್ನು ತಿದ್ದಲಾಗದು. ಆದ್ದರಿಂದ ದರವನ್ನು ಚಿತ್ರದ ಮೇಲೆ ಬರೆಯಲೇಬೇಡಿ. ಗಿರಾಕಿ ಹೋದ ವರ್ಷದ ದರದ ಚಿತ್ರ ತೋರಿಸಿ ವಾದಕ್ಕೆ ನಿಂತರೆ ನಮ್ಮ ಬಳಿ ಉತ್ತರವಿರುವುದಿಲ್ಲ. ‘ಇಂದಿನ ದರಕ್ಕೆ ವಾಟ್ಸಾಪ್ ಮಾಡಿ’ ಎಂದು ಬರೆದು ನಂಬರ್ ಕೊಡಿ.

ದರಕ್ಕೆ ಉಳಿಸಿಟ್ಟ ಉತ್ತರ

ಇದಕ್ಕೆ ವಾಟ್ಸಾಪ್ ಬಿಸಿನೆಸ್ ಎಂಬ ಪ್ರತ್ಯೇಕ ಆ್ಯಪ್ ಬೇಕು, ಅದು ಉಚಿತ. ಅದರ Business tools ಎಂಬಲ್ಲಿ Quick replies ಇದೆ. ಅಲ್ಲಿ ಸಂದೇಶವನ್ನು ಒಮ್ಮೆ ಬರೆದು, ಅದಕ್ಕೆ `/rate` ಎಂಬಂಥ ಚಿಕ್ಕ ಗುರುತು ಕೊಡಬೇಕು. ಮುಂದೆ ಗಿರಾಕಿಗೆ ಉತ್ತರಿಸುವಾಗ `/` ಒತ್ತಿದರೆ ಪಟ್ಟಿ ಬರುತ್ತದೆ. ಆರಿಸಿದರೆ ಇಡೀ ಸಂದೇಶ ಬರೆಯುವ ಜಾಗಕ್ಕೆ ಬಂದು ಕೂರುತ್ತದೆ. ಇಂಥ 50 ಉತ್ತರಗಳವರೆಗೆ ಇಡಬಹುದಾದರೂ ನಮಗೆ ನಾಲ್ಕೈದು ಸಾಕು.

ತುಂಡಿಗೆ ಒಂದು ರೂಪಾಯಿ ದರವೆಂದು ಇಟ್ಟುಕೊಳ್ಳಿ. ಸಂದೇಶ ಹೀಗಿರಲಿ: “ನಮಸ್ಕಾರ. ಎರಡು ಗಿಣ್ಣಿನ ತುಂಡು ಒಂದಕ್ಕೆ 1 ರೂ. ಕನಿಷ್ಠ 500 ತುಂಡು. ಕಟಾವು ಬುಧವಾರ. ಸಾಗಣೆ ವೆಚ್ಚ ಬೇರೆ. ತಮ್ಮ ಊರು ಮತ್ತು ಎಷ್ಟು ಜಾಗಕ್ಕೆ ಬೇಕು ಎಂದು ತಿಳಿಸಿ.” ಕೊನೆಯ ಸಾಲು ಮುಖ್ಯ. ಅದಿಲ್ಲದಿದ್ದರೆ ಗಿರಾಕಿ ದರ ನೋಡಿ ಸುಮ್ಮನಾಗುತ್ತಾನೆ. ಇದ್ದರೆ ಮಾತು ಮುಂದುವರಿಯುತ್ತದೆ.

ಒಬ್ಬರು ‘ಅರ್ಧ ಎಕರೆಗೆ ಎಷ್ಟಾಗುತ್ತೆ?’ ಎಂದು ಕೇಳಿದರೆನ್ನಿ. ತಾವು `/rate` ಆರಿಸಿ, ಕಳುಹಿಸುವ ಮೊದಲು ‘ತಮಗೆ 5,500 ತುಂಡು, 5,500 ರೂ.’ ಎಂದು ಸೇರಿಸಿ, ಅವರು ಆಗಲೇ ಹೇಳಿದ ಜಾಗದ ಪ್ರಶ್ನೆಯನ್ನು ಅಳಿಸಬೇಕು. ಹಾಗೆಯೇ ಒತ್ತಿ ಕಳುಹಿಸಿದರೆ, ತಾನು ಬರೆದದ್ದನ್ನು ಓದಿಯೇ ಇಲ್ಲವೆಂದು ಗಿರಾಕಿಗೆ ತಿಳಿದುಬಿಡುತ್ತದೆ. ದರ ಬದಲಾದ ದಿನ ಈ ಒಂದು ಸಂದೇಶ ತಿದ್ದಿದರೆ ಕೆಲಸ ಮುಗಿಯಿತು.

ವಾಟ್ಸಾಪ್‌ಗೆ ನೇರವಾಗಿ ಬರುವವರು ನಮ್ಮ ಇನ್‌ಸ್ಟಾಗ್ರಾಂ ಪುಟವನ್ನು ನೋಡಿರುವುದಿಲ್ಲ. ಅವರಿಗಾಗಿ `/nati` ಎಂಬ ಇನ್ನೊಂದು ಉತ್ತರದಲ್ಲಿ ನೆಡುವ ಕ್ರಮವನ್ನು ಬರೆದು, ಪುಟದ ಕೊಂಡಿಯನ್ನೂ ಸೇರಿಸಿಡಿ. ಕಡ್ಡಿ ತಲುಪಿದ ದಿನವೇ ನೆಡಲಾಗದಿದ್ದರೆ ನೆರಳಿನಲ್ಲಿಟ್ಟು ಒದ್ದೆ ಗೋಣಿ ಹೊದಿಸಬೇಕೆಂಬ ಸಾಲು ಅದರಲ್ಲಿರಲಿ.

ಸಿದ್ಧ ಉತ್ತರ ಸಲ್ಲದ ಕಡೆ

‘ಕಡ್ಡಿ ಒಣಗಿ ಬಂದಿದೆ’, ‘ಎಣಿಕೆ ಕಡಿಮೆ ಇದೆ’ ಎಂಬ ದೂರಿಗೆ ಉಳಿಸಿಟ್ಟ ಸಂದೇಶ ಕಳುಹಿಸಬೇಡಿ. ಫೋನ್ ಮಾಡಿ ಮಾತಾಡಿ, ಚಿತ್ರ ತರಿಸಿಕೊಳ್ಳಿ. ಹಣ ಬಂತೇ ಎಂಬ ಪ್ರಶ್ನೆಗೂ ಖಾತೆ ನೋಡಿಯೇ ಉತ್ತರಿಸಬೇಕು.

ತಿಂಗಳಾದ ಮೇಲೆ ಇನ್ನೊಂದು ವಾರ ಪ್ರಶ್ನೆಗಳಿಗೆ ಗೀಟು ಹಾಕಿ ಹಳೆಯ ಪುಟದೊಡನೆ ಹೋಲಿಸಿ. ನೆಡುವ ಕ್ರಮದ ಪ್ರಶ್ನೆ ಕಡಿಮೆಯಾಗಿದ್ದರೆ ಹೈಲೈಟ್ ಕೆಲಸ ಮಾಡುತ್ತಿದೆ. ಕಡಿಮೆಯಾಗದಿದ್ದರೆ ಗಿರಾಕಿಗೆ ಅದು ಕಾಣುತ್ತಿಲ್ಲ, ಇಲ್ಲವೇ ಹೆಸರು ಅರ್ಥವಾಗುತ್ತಿಲ್ಲ. ಪುಸ್ತಕದಲ್ಲಿ ಬರೆದುಕೊಂಡ ಅವರ ಮಾತನ್ನೇ ಹೆಸರಾಗಿ ಇಟ್ಟು ನೋಡಿ. ‘ನೆಡುವ ಕ್ರಮ’ ಎನ್ನುವುದಕ್ಕಿಂತ ‘ಹೇಗೆ ನೆಡೋದು’ ಎಂದರೆ ಬೇಗ ಕಣ್ಣಿಗೆ ಬೀಳಬಹುದು.