ಕಡಲೆಕಾಳಿನಷ್ಟು ಆಣೆಕಲ್ಲು, ನಿಂಬೆಹಣ್ಣಿನಷ್ಟು ಆಣೆಕಲ್ಲು

ಯುಗಾದಿಗೆ ಇನ್ನೂ ಎಂಟು-ಹತ್ತು ದಿನ ಇತ್ತು. ಜೋಳದ ಗೂಡು ಕಣಕ್ಕೆ ಬಂದಿತ್ತು, ರಾಶಿ ಆಗಿರಲಿಲ್ಲ. ಇಳಿಹೊತ್ತು ನಾಲ್ಕರ ಸುಮಾರಿಗೆ ಗುಡ್ಡದ ಕಡೆ ಮೋಡ ಕಪ್ಪಾಗಿ ಎದ್ದು ನಿಂತಿತು. ಮೊದಲು ಗಾಳಿ, ಆಮೇಲೆ ದಪ್ಪ ದಪ್ಪ ಹನಿ, ಅದರ ಹಿಂದೆಯೇ ಆಣೆಕಲ್ಲು. ಹತ್ತು ನಿಮಿಷ ಬಿದ್ದಿರಬಹುದು. ನಮ್ಮ ಹೊಲದಲ್ಲಿ ಬಿದ್ದದ್ದು ಕಡಲೆಕಾಳಿನಷ್ಟು. ಅರ್ಧ ಮೈಲಿ ಆಚೆ ತಮ್ಮನ ಹೊಲದಲ್ಲಿ ನಿಂಬೆಹಣ್ಣಿನಷ್ಟು. ಬೋರಿನ ನೀರಿಗೆ ಹಾಕಿದ್ದ ಅವನ ಉಳ್ಳಾಗಡ್ಡಿಯ ಸೊಪ್ಪೆಲ್ಲ ಮುರಿದು ನೆಲ ಹಿಡಿಯಿತು.

ತಮ್ಮನ ಮಗ ಬಂದು ಕೇಳಿದ: “ದೊಡ್ಡಪ್ಪಾ, ಮೋಡ ಒಂದ, ಮಳಿ ಒಂದ. ನಿಮಗ ಕಡ್ಲಿಕಾಳು, ನಮಗ ನಿಂಬಿಹಣ್ಣು. ಇದ್ಯಾಕ ಹಿಂಗ?”

ನನಗೂ ಆಗ ಸರಿಯಾಗಿ ಗೊತ್ತಿರಲಿಲ್ಲ. ಅವನ ಹೊಲದಿಂದ ಒಂದು ಕಲ್ಲು ತರಿಸಿ ಕುಡಗೋಲಿನಿಂದ ಎರಡು ಹೋಳು ಮಾಡಿದೆ. ನಟ್ಟನಡುವೆ ಸಾಬೂದಾಣಿಯಂಥ ಬಿಳಿ ಕಾಳು. ಅದರ ಸುತ್ತ ಗಾಜಿನಂಥ ಪದರು, ಮೇಲೆ ಹಾಲಿನ ಬಣ್ಣದ ಪದರು, ಮತ್ತೆ ಗಾಜಿನ ಪದರು. ಉಳ್ಳಾಗಡ್ಡಿ ಹೋಳು ಮಾಡಿದಂತೆಯೇ ಕಾಣುತ್ತಿತ್ತು. ಆಮೇಲೆ ಓದಿ, ತಿಳಿದವರನ್ನು ಕೇಳಿ ಅರ್ಥ ಮಾಡಿಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಬ್ಯಾಸಿಗಿಯಲ್ಲಿ ನೆಲ ಕಾದು ಅದರ ಮೇಲಿನ ಹಸಿಗಾಳಿ ಮೇಲಕ್ಕೆ ಏರುತ್ತದೆ. ಏರಿದಂತೆ ತಣ್ಣಗಾಗಿ ಮೋಡವಾಗುತ್ತದೆ. ನಮ್ಮ ಭಾಗದಲ್ಲಿ ಈ ದಿನಗಳಲ್ಲಿ ಸುಮಾರು ನಾಲ್ಕೂವರೆ-ಐದು ಕಿಲೋಮೀಟರ್ ಮೇಲೆ ಹೋದರೆ ನೀರು ಹೆಪ್ಪುಗಟ್ಟುವ ಚಳಿ ಸಿಗುತ್ತದೆ. ಗುಡುಗಿನ ಮೋಡ ಅದನ್ನೂ ದಾಟಿ ಹನ್ನೆರಡು ಕಿಲೋಮೀಟರಿನ ಮೇಲೂ ಹೋಗುತ್ತದೆ. ಆದರೆ ಆ ಚಳಿಯಲ್ಲೂ ಮೋಡದ ಸಣ್ಣ ಹನಿಗಳು ಕೂಡಲೇ ಬರ್ಫ ಆಗುವುದಿಲ್ಲ. ಸೊನ್ನೆಗಿಂತ ಹತ್ತು-ಇಪ್ಪತ್ತು ಡಿಗ್ರಿ ಕೆಳಗಿದ್ದರೂ ನೀರಾಗಿಯೇ ತೇಲುತ್ತಿರುತ್ತವೆ. ಹಾಲು ತಾನಾಗಿ ಮೊಸರಾಗುವುದಿಲ್ಲ, ಹೆಪ್ಪು ಬೇಕು. ಹಾಗೆಯೇ ಈ ಹನಿಗೂ ಒಂದು ಬರ್ಫದ ಕಾಳು ತಾಗಬೇಕು. ತಾಗಿದ ಕೂಡಲೇ ಅದಕ್ಕೆ ಅಂಟಿ ಗಟ್ಟಿಯಾಗುತ್ತದೆ. ಕಲ್ಲು ಬಲಿಯುವುದು ಹೀಗೆ. ನಡುವೆ ಕಂಡ ಸಾಬೂದಾಣಿಯೇ ಅದರ ಬೀಜ.

ಬೀಜ ಹಗುರ. ಏರುವ ಗಾಳಿ ಅದನ್ನು ಎತ್ತಿ ಒಯ್ಯುತ್ತದೆ. ಗಾಳಿಯ ಅಂಚಿಗೆ ಬಂದಾಗ ಹಿಡಿತ ಸಡಿಲಾಗಿ ಕೆಳಗೆ ಜಾರುತ್ತದೆ. ಜಾರಿದ್ದು ಮತ್ತೆ ಏರುಗಾಳಿಗೆ ಸಿಕ್ಕರೆ ಇನ್ನೊಮ್ಮೆ ಮೇಲೆ ಹೋಗುತ್ತದೆ. ಹೀಗೆ ಏರಿ ಇಳಿಯುವಾಗ ದಾರಿಯಲ್ಲಿ ಸಿಕ್ಕ ಹನಿಗಳನ್ನೆಲ್ಲ ಮೈಗೆ ಅಂಟಿಸಿಕೊಳ್ಳುತ್ತದೆ. ಗಾಳಿ ಹೊರಲಾರದಷ್ಟು ಭಾರವಾದಾಗ, ಇಲ್ಲವೆ ಗಾಳಿಯೇ ಸೋತಾಗ, ನೆಲಕ್ಕೆ ಬೀಳುತ್ತದೆ.

ಹಾಗಾದರೆ ಪದರು ಎಣಿಸಿ ಎಷ್ಟು ಸಲ ಏರಿತ್ತು ಎಂದು ಹೇಳಬಹುದೆ? ಹಿಂದೆ ಹಾಗೆಯೇ ತಿಳಿದಿದ್ದರು. ಅದು ಪೂರ್ತಿ ಸರಿಯಲ್ಲ. ಬಹಳ ಚಳಿ ಇದ್ದು ನೀರು ಕಡಿಮೆ ಇದ್ದಲ್ಲಿ ಹನಿ ತಾಗಿದಲ್ಲೇ ಗಟ್ಟಿಯಾಗಿ ಗಾಳಿಗುಳ್ಳೆ ಒಳಗೆ ಸಿಕ್ಕಿಬೀಳುತ್ತವೆ. ಆ ಪದರು ಬಿಳಿ. ನೀರು ದಂಡಿ ಇದ್ದಲ್ಲಿ ಕಲ್ಲಿನ ಮೈ ಹಸಿಯಾಗಿಯೇ ಇದ್ದು ನಿಧಾನಕ್ಕೆ ಹೆಪ್ಪುಗಟ್ಟುತ್ತದೆ. ಗಾಳಿಗುಳ್ಳೆ ಹೊರಗೆ ಹೋಗುತ್ತವೆ. ಆ ಪದರು ಗಾಜು. ಅಂದರೆ ಪದರು ಹೇಳುವುದು ಕಲ್ಲು ಎಂಥ ಜಾಗ ದಾಟಿತು ಎಂಬುದನ್ನು, ಎಷ್ಟು ಸಲ ಏರಿತು ಎಂಬುದನ್ನಲ್ಲ. ದೊಡ್ಡ ಕಲ್ಲುಗಳು ಬಹಳ ಸಲ ಏರಿಳಿದು ಬೆಳೆಯುವುದಕ್ಕಿಂತ, ಕೊನೆಯ ಒಂದು ಪಯಣದಲ್ಲಿ ಅಗಲವಾದ ಏರುಗಾಳಿಯನ್ನು ನಿಧಾನಕ್ಕೆ ಅಡ್ಡ ದಾಟುತ್ತಲೇ ಹೆಚ್ಚು ಬಲಿಯುತ್ತವೆ ಎಂದು ಈಗ ತಿಳಿದಿದೆ. ಕಾಲು ತಾಸು ಸಿಕ್ಕರೆ ಸಾಕು, ಕಡಲೆಕಾಳು ನಿಂಬೆಹಣ್ಣಾಗುತ್ತದೆ.

ಅದಕ್ಕೆ ಬೇಕಾದ ಗಾಳಿ ಎಂಥದ್ದು? ಕಡಲೆಕಾಳಿನಂಥ ಕಲ್ಲನ್ನು ಮೇಲೆ ಹಿಡಿಯಲು ತಾಸಿಗೆ ಸುಮಾರು 40 ಕಿಲೋಮೀಟರ್ ವೇಗದ ಏರುಗಾಳಿ ಸಾಕು. ನಾಲ್ಕೂವರೆ ಸೆಂಟಿಮೀಟರಿನ ನಿಂಬೆಹಣ್ಣಿನಂಥದಕ್ಕೆ ಸುಮಾರು 90 ಬೇಕು. ಕಲ್ಲಿನ ಅಡ್ಡಳತೆ ಎರಡು ಪಟ್ಟಾದರೆ ತೂಕ ಎಂಟು ಪಟ್ಟಾಗುತ್ತದೆ, ಬೀಳುವ ವೇಗವೂ ಹೆಚ್ಚುತ್ತದೆ. ಸಣ್ಣದು ಎಲೆ ಹರಿದರೆ ದೊಡ್ಡದು ಗಿಡ ಮುರಿಯುವುದು ಇದಕ್ಕೇ. 1888ರ ಏಪ್ರಿಲ್ 30ರಂದು ಉತ್ತರ ಪ್ರದೇಶದ ಮೊರಾದಾಬಾದಿನಲ್ಲಿ ಆಣೆಕಲ್ಲಿಗೆ 246 ಜನ ಸತ್ತಿದ್ದರು. ಅಮೆರಿಕದ ವಿವಿಯನ್ ಎಂಬ ಊರಲ್ಲಿ 2010ರಲ್ಲಿ ಬಿದ್ದ ಒಂದು ಕಲ್ಲು 879 ಗ್ರಾಂ ತೂಗಿತ್ತು.

ಎಲ್ಲ ಗುಡುಗಿನ ಮೋಡವೂ ಇಂಥ ಕಲ್ಲು ಸುರಿಯುವುದಿಲ್ಲ. ಬಹಳ ಮೋಡಗಳಲ್ಲಿ ಮಳೆ ಏರುಗಾಳಿಯ ಮೇಲೆಯೇ ಬಿದ್ದು ಅದನ್ನು ತಣಿಸಿ ಹೊಸಕುತ್ತದೆ. ಅರ್ಧ-ಮುಕ್ಕಾಲು ತಾಸಿನಲ್ಲಿ ಮೋಡ ಮುಗಿಯುತ್ತದೆ, ಕಲ್ಲಿಗೆ ಬಲಿಯಲು ಹೊತ್ತು ಸಿಗುವುದಿಲ್ಲ. ಆದರೆ ಮೇಲ್ಗಡೆ ಜೋರು ಗಾಳಿ ಬೀಸುತ್ತಿದ್ದರೆ ಮೋಡ ವಾಲಿ ನಿಲ್ಲುತ್ತದೆ. ಮಳೆ ಒಂದು ಮಗ್ಗುಲಿಗೆ ಬೀಳುತ್ತದೆ, ಏರುಗಾಳಿ ಇನ್ನೊಂದು ಮಗ್ಗುಲಲ್ಲಿ ಕೆಡದೆ ಉಳಿಯುತ್ತದೆ. 2014ರ ಫೆಬ್ರುವರಿ ಕೊನೆಯಿಂದ ಮಾರ್ಚ್ ಮಧ್ಯದವರೆಗೆ ಮಹಾರಾಷ್ಟ್ರ ಮತ್ತು ನಮ್ಮ ಉತ್ತರ ಕರ್ನಾಟಕದಲ್ಲಿ ಮತ್ತೆ ಮತ್ತೆ ಆಣೆಕಲ್ಲು ಬಿದ್ದು ದ್ರಾಕ್ಷಿ, ಜೋಳ, ಗೋಧಿ ಹಾಳಾದದ್ದು ಹಲವರಿಗೆ ನೆನಪಿದ್ದೀತು. ಆಗ ಉತ್ತರದಲ್ಲಿ ಇರಬೇಕಾದ ಮೇಲ್ಮಟ್ಟದ ತಂಪು ಪಡುವಣ ಗಾಳಿ ದಕ್ಷಿಣಕ್ಕೆ ಇಳಿದಿತ್ತು. ಕೆಳಗೆ ಸಮುದ್ರದ ಕಡೆಯ ಹಸಿಗಾಳಿ ಬಂದು ಸೇರಿತ್ತು. ಶ್ರಾವಣದ ಮೋಡದಲ್ಲಿ ನೀರು ಎಷ್ಟಿದ್ದರೂ ಏರುಗಾಳಿ ಸೌಮ್ಯ, ಅದಕ್ಕೇ ಆಗ ಆಣೆಕಲ್ಲು ಅಪರೂಪ.

ಬೀಜದ ಲೆಕ್ಕವೂ ಉಂಟು. ನಾವು ಜೋಳ ದಟ್ಟ ಬಿತ್ತಿದರೆ ಇದ್ದ ಹಸಿ ಹಂಚಿಹೋಗಿ ತೆನಿ ಸಣ್ಣವಾಗುತ್ತವೆ. ಮೋಡದಲ್ಲೂ ಹಾಗೆಯೇ. ಬರ್ಫದ ಬೀಜ ಬಹಳ ಇದ್ದರೆ ನೀರು ಹಂಚಿಹೋಗಿ ಸಣ್ಣ ಕಲ್ಲು ರಾಶಿ ಬೀಳುತ್ತವೆ. ಬೀಜ ಕಡಿಮೆ ಇದ್ದು ನೀರು ದಂಡಿ ಇದ್ದರೆ ಕಲ್ಲು ಕಡಿಮೆ, ಆದರೆ ದೊಡ್ಡವು. ಇಳಿಯುವಾಗ ಕೆಳಗಿನ ಬೆಚ್ಚನೆಯ ಗಾಳಿಯಲ್ಲಿ ಸಣ್ಣವು ಕರಗಿ ದಪ್ಪ ಹನಿಯಾಗಿಬಿಡುತ್ತವೆ. ಕಲ್ಲಿಗಿಂತ ಮೊದಲು ಬಿದ್ದ ದಪ್ಪ ಹನಿಗಳಲ್ಲಿ ಇಂಥವೂ ಇರುತ್ತವೆ.

ಇನ್ನು ಹುಡುಗನ ಪ್ರಶ್ನೆ. ಕಣದಲ್ಲಿ ರಾಶಿ ತೂರುವುದನ್ನು ನೆನೆಸಿಕೊಳ್ಳಿರಿ. ಗಟ್ಟಿ ಕಾಳು ಕಾಲಬುಡದಲ್ಲೇ ಬೀಳುತ್ತದೆ, ಜೊಳ್ಳು ಸ್ವಲ್ಪ ಆಚೆ, ಹೊಟ್ಟು ಇನ್ನೂ ದೂರ. ಮೋಡವೂ ಹೀಗೆಯೇ ತೂರುತ್ತದೆ. ಭಾರದ ಕಲ್ಲು ಏರುಗಾಳಿಯ ಮಗ್ಗುಲಲ್ಲೇ ನೆಟ್ಟಗೆ ಇಳಿಯುತ್ತದೆ, ಹಗುರಾದವನ್ನು ಮೇಲಿನ ಗಾಳಿ ದೂರ ಒಯ್ದು ಚೆಲ್ಲುತ್ತದೆ. ತಮ್ಮನ ಹೊಲ ಏರುಗಾಳಿಯ ಮಗ್ಗುಲಿಗೆ ಸಿಕ್ಕಿತ್ತು, ನಮ್ಮದು ಹೊಟ್ಟು ಬೀಳುವ ಕಡೆಗಿತ್ತು. ಮೋಡ ಮುಂದೆ ಸರಿಯುತ್ತಾ ಹೋಗುವುದರಿಂದ ಹಾನಿ ಉದ್ದನೆಯ ಕಿರಿದಾದ ಪಟ್ಟಿಯಾಗಿ ಕಾಣುತ್ತದೆ.

“ಬಾಜೂ ಹೊಲಕ್ಕ ಏನೂ ಆಗಿಲ್ಲ, ನಿನಗಷ್ಟ ಹೆಂಗ ಆತು?” ಎಂದು ಯಾರಾದರೂ ಕೇಳಿದರೆ ಉತ್ತರ ಇದೇ. ಫಸಲ್ ಬಿಮಾ ಯೋಜನೆಯಲ್ಲಿ ಆಣೆಕಲ್ಲಿನ ಹಾನಿಯನ್ನು ಊರ ಸರಾಸರಿ ಹಿಡಿಯದೆ ಆಯಾ ಹೊಲಕ್ಕೇ ಲೆಕ್ಕ ಹಾಕುವುದೂ ಇದೇ ಕಾರಣಕ್ಕೆ. ವಿಮೆ ಕಟ್ಟಿದವರು 72 ತಾಸಿನೊಳಗೆ ತಿಳಿಸಬೇಕು. ಕಲ್ಲು ಕರಗುವ ಮೊದಲು ಒಂದು ರೂಪಾಯಿ ನಾಣ್ಯದ ಬಾಜೂ ಇಟ್ಟು ಫೋಟೊ ತೆಗೆದುಕೊಳ್ಳಿರಿ, ಬಿದ್ದ ಹೊತ್ತು ಬರೆದಿಡಿರಿ. ಅರ್ಧ ತಾಸಿನ ಮೇಲೆ ಅದು ಬರೀ ನೀರು.