ಎಡಗೈಯ ಕ್ರೋಶಾ: ಯಾವುದನ್ನು ಮಗುಚಬೇಕು, ಯಾವುದನ್ನು ಹಾಗೇ ಬಿಡಬೇಕು

ಕಳೆದ ರಜೆಯಲ್ಲಿ ನಾನಿಗೆಂದು ಒಂದು ಚಿಕ್ಕ ಟ್ರೇ ಹೊದಿಕೆ ಹೆಣೆದೆ. ನಡುವೆ ಅವರ ಹೆಸರಿನ ಮೊದಲ ಅಕ್ಷರ, ಉರ್ದುವಿನ ಲಾಮ್, ಬರಬೇಕಿತ್ತು. ಲಾಮ್ ಎಂದರೆ ಬಲಗಡೆ ಒಂದು ನೆಟ್ಟಗಿನ ಗೆರೆ, ಕೆಳಗೆ ಅದು ಎಡಕ್ಕೆ ಬಾಗಿ ಬಟ್ಟಲಿನಂತಾಗುತ್ತದೆ. ಹೆಣೆದು ಮುಗಿಸಿ ಮೇಜಿನ ಮೇಲೆ ಹಾಸಿದರೆ ಗೆರೆ ಎಡಗಡೆ, ಬಟ್ಟಲು ಬಲಗಡೆ! ತಮ್ಮ ನೋಡಿ, "ಇದು ಇಂಗ್ಲಿಷಿನ ಎಲ್ ಅಲ್ವಾ?" ಎಂದ. ಎಣಿಕೆಯಲ್ಲಿ ಒಂದು ಮನೆಯೂ ತಪ್ಪಿರಲಿಲ್ಲ. ಪುಸ್ತಕದಲ್ಲಿ ಬರೆದಂತೆಯೇ ಹೆಣೆದಿದ್ದೆ. ಆದರೆ ಪುಸ್ತಕ ಬರೆದವರು ಬಲಗೈಯವರು, ನಾನು ಎಡಗೈಯವಳು.

ನಮ್ಮ ಮನೆಯಲ್ಲಿ ಇದಕ್ಕೆ ಕ್ರೋಶಿಯಾ ಎನ್ನುತ್ತಾರೆ. ಊಟ ಬಲಗೈಯಲ್ಲೇ ಮಾಡುತ್ತೇನೆ, ಆದರೆ ಪೆನ್ನು ಮತ್ತು ಕ್ರೋಶಾ ಕಡ್ಡಿ ತಾನಾಗಿ ಎಡಗೈಗೆ ಹೋಗುತ್ತವೆ. ಎಡಗೈಯವರು ಎಲ್ಲವನ್ನೂ ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಮಾಡಿದರೆ ಸಾಕು ಎಂದು ಹೇಳುವವರಿದ್ದಾರೆ. ಅದು ಅರ್ಧ ಮಾತ್ರ ಸರಿ. ಕೈಗಳ ಫೋಟೋವನ್ನು ಮಗುಚಬೇಕು. ಚೌಕಳಿಯ ಚಾರ್ಟನ್ನು ಮಗುಚಬಾರದು. ನನ್ನ ಲಾಮ್ ಹಾಳಾದ ಕಾರಣ ಹುಡುಕುವಾಗ ಈ ವ್ಯತ್ಯಾಸ ತಿಳಿಯಿತು.

ಮೊದಲು ಕೈಗಳ ವಿಷಯ. ಬಲಗೈಯವರು ಬಲದಿಂದ ಎಡಕ್ಕೆ ಹೆಣೆಯುತ್ತಾರೆ, ನಾವು ಎಡದಿಂದ ಬಲಕ್ಕೆ. ಅಮ್ಮಿಯ ಪಕ್ಕದಲ್ಲಿ ಕುಳಿತು ನೋಡಿದಾಗ ನನಗೆ ಏನೂ ಹತ್ತಲಿಲ್ಲ. ಎದುರಿಗೆ ಕುಳಿತಾಗ ಅವರ ಬಲಗೈ ನನ್ನ ಎಡಗೈಗೆ ನೇರವಾಗಿ ಬಂತು, ಅವರು ಮಾಡಿದಂತೆ ಮಾಡುತ್ತಾ ಹೋದೆ. ಇದರಲ್ಲಿ ಒಂದೇ ತೊಂದರೆ: ಎದುರಿನಿಂದ ಕಾಣುವುದು ಅವರ ಹೆಣಿಗೆಯ ಹಿಂಭಾಗ. ಕಡ್ಡಿಯನ್ನು ಯಾವ ಕುಣಿಕೆಗೆ ಚುಚ್ಚಿದರು ಎಂದು ಅಲ್ಲಿಂದ ತಿಳಿಯುವುದಿಲ್ಲ. ಅದಕ್ಕೆ ಫೋಟೋ ಬೇಕು.

ಫೋಟೋವನ್ನು ಮೊಬೈಲಿನ ಗ್ಯಾಲರಿಯಲ್ಲಿ ಎಡಬಲ ಮಗುಚಿದರೆ ಕಡ್ಡಿ ಎಡಗೈಗೆ ಬರುತ್ತದೆ. ಇಲ್ಲಿ ಹಲವರು ಮಗುಚುವ ಗುಂಡಿಯ ಬದಲು ತಿರುಗಿಸುವ ಗುಂಡಿ ಒತ್ತುತ್ತಾರೆ. ಫೋಟೋವನ್ನು ಅರ್ಧ ಸುತ್ತು ತಿರುಗಿಸಿದರೂ ಕಡ್ಡಿ ಎಡಗಡೆಗೆ ಬರುತ್ತದೆ ನಿಜ, ಆದರೆ ಇಡೀ ಹೆಣಿಗೆ ತಲೆಕೆಳಗಾಗಿರುತ್ತದೆ. ಪರೀಕ್ಷೆ ಸುಲಭ. ಫೋಟೋದಲ್ಲಿ ಅಚ್ಚಾದ ಅಕ್ಷರಗಳು ನೆಟ್ಟಗೆ ನಿಂತು ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಕಂಡರೆ ಸರಿ, ತಲೆಕೆಳಗಾಗಿ ಕಂಡರೆ ತಪ್ಪು.

ಫೋಟೋದ ಜೊತೆಗಿನ ಮಾತುಗಳಲ್ಲಿ ಬದಲಾಗುವುದು ಎಡ ಮತ್ತು ಬಲ, ಗಡಿಯಾರದ ದಿಕ್ಕು ಮತ್ತು ಅದರ ವಿರುದ್ಧ ದಿಕ್ಕು. ಮುಂದೆ, ಹಿಂದೆ, ಮೇಲೆ, ಕೆಳಗೆ ಎಂಬ ಮಾತುಗಳೂ ಎಣಿಕೆಯೂ ಬದಲಾಗುವುದಿಲ್ಲ. ಉದಾಹರಣೆಗೆ ಕಡ್ಡಿಗೆ ದಾರ ಸುತ್ತುವುದು. ಯಾವ ಕೈಯಾದರೂ ದಾರ ಕಡ್ಡಿಯ ಹಿಂದಿನಿಂದ ಮೇಲೆ ಹಾದು ಮುಂದಕ್ಕೆ ಬರಬೇಕು. ನಾನು ಮೊದಮೊದಲು ಕಡ್ಡಿಯನ್ನೇ ದಾರದ ಮೇಲೆ ಹಾಯಿಸಿ ಎಳೆದುಕೊಳ್ಳುತ್ತಿದ್ದೆ. ಸಿಂಗಲ್ ಕ್ರೋಶೆ ಹೆಣೆದಾಗ ಇದು ಕಣ್ಣಿಗೆ ಬೀಳುತ್ತದೆ: ಸರಿಯಾಗಿ ಸುತ್ತಿದರೆ ಹೊಲಿಗೆಯ ಎರಡು ಕಾಲುಗಳು ಕೆಳಗೆ ಕೂಡಿ ಮೇಲೆ ಅಗಲುತ್ತವೆ, ತಪ್ಪಿದರೆ ಗುಣಾಕಾರದ ಚಿಹ್ನೆಯಂತೆ ಒಂದನ್ನೊಂದು ದಾಟುತ್ತವೆ.

ಈಗ ಚಾರ್ಟು. ನನ್ನ ಹೊದಿಕೆ ಫಿಲೆ ಎಂಬ ಚೌಕಳಿ ಹೆಣಿಗೆಯದು. ಇದರಲ್ಲಿ ಖಾಲಿ ಮನೆ ಮತ್ತು ತುಂಬಿದ ಮನೆ ಎಂಬ ಎರಡೇ ಬಗೆ, ತುಂಬಿದ ಮನೆಗಳಿಂದ ಚಿತ್ರ ಮೂಡುತ್ತದೆ. ಲಾಮ್‌ನ ಚಾರ್ಟಿಗೆ ಅಗಲ 7 ಮನೆ, ಎತ್ತರ 9 ಸಾಲು. ಒಂದು ಮನೆಗೆ 3 ಚೈನ್, ಕೊನೆಗೆ 1, ಒಟ್ಟು ಬುನಾದಿ 22 ಚೈನ್. ಮೊದಲ ಕಂಬ ಮತ್ತು ಮೊದಲ ಖಾಲಿ ಮನೆಗೆಂದು ಇನ್ನೂ 5 ಸೇರಿಸಿದರೆ 27. ಈ ಲೆಕ್ಕ ಎರಡೂ ಕೈಗೆ ಒಂದೇ.

ಚಾರ್ಟನ್ನು ಕೆಳಗಿನ ಸಾಲಿನಿಂದ ಮೇಲಕ್ಕೆ ಓದಬೇಕು. ಬಲಗೈಯವರು 1ನೇ ಸಾಲನ್ನು ಬಲದಿಂದ ಎಡಕ್ಕೆ, ಅಂದರೆ ಉರ್ದುವಿನಂತೆ ಓದುತ್ತಾರೆ. ಹೆಣಿಗೆ ತಿರುಗಿಸಿದ ಮೇಲೆ 2ನೇ ಸಾಲನ್ನು ಕನ್ನಡದಂತೆ ಎಡದಿಂದ ಬಲಕ್ಕೆ. ಎಡಗೈಯವರು ಇದನ್ನು ಅದಲುಬದಲು ಮಾಡಿದರೆ ಸಾಕು: 1, 3, 5ನೇ ಸಾಲು ಕನ್ನಡದಂತೆ, 2, 4, 6ನೇ ಸಾಲು ಉರ್ದುವಿನಂತೆ. ಚಾರ್ಟಿನ ಚಿತ್ರ ಇದ್ದ ಹಾಗೇ ಇರಲಿ. ನಮ್ಮ ಕೈ ಎಡದಿಂದ ಹೊರಡುತ್ತದೆ, ಕಣ್ಣೂ ಎಡದಿಂದ ಹೊರಟರೆ ಚಿತ್ರ ಸರಿಯಾಗಿಯೇ ಬೀಳುತ್ತದೆ. ಚಾರ್ಟನ್ನೂ ಮಗುಚಿ, ಓದುವ ದಿಕ್ಕನ್ನೂ ಬದಲಿಸಿದರೆ ಹೆಣಿಗೆಯಲ್ಲಿ ಬರುವುದು ಮಗುಚಿದ ಚಿತ್ರವೇ.

ನಾನು ಎಡವಿದ್ದು ಇನ್ನೊಂದು ಕಡೆ. ಚಾರ್ಟಿನ ಪಕ್ಕದಲ್ಲಿ ಪ್ರತಿ ಸಾಲನ್ನೂ ಮಾತಿನಲ್ಲಿ ಬರೆದಿತ್ತು. ಅದರಲ್ಲಿ ಎಡ, ಬಲ ಎಂಬ ಪದವೇ ಇರಲಿಲ್ಲವಾದ್ದರಿಂದ ಬದಲಿಸಲು ಏನೂ ಇಲ್ಲ ಅಂದುಕೊಂಡೆ. 1ನೇ ಸಾಲು ಪೂರ್ತಿ ಖಾಲಿ. 2ನೇ ಸಾಲು 2 ಖಾಲಿ, 3 ತುಂಬಿದ್ದು, 2 ಖಾಲಿ: ಇದು ಬಟ್ಟಲಿನ ತಳ. 3 ಮತ್ತು 4ನೇ ಸಾಲು 1 ಖಾಲಿ, 1 ತುಂಬಿದ್ದು, 3 ಖಾಲಿ, 1 ತುಂಬಿದ್ದು, 1 ಖಾಲಿ. ಗಮನಿಸಿ, ಇವನ್ನು ಯಾವ ತುದಿಯಿಂದ ಓದಿದರೂ ಒಂದೇ. ಹಾಗಾಗಿ ನಾಲ್ಕು ಸಾಲು ಮುಗಿಯುವವರೆಗೆ ತಪ್ಪು ಕಾಣುವುದೇ ಇಲ್ಲ. 5ನೇ ಸಾಲು 1 ಖಾಲಿ, 1 ತುಂಬಿದ್ದು, 5 ಖಾಲಿ ಎಂದಿತ್ತು. ಬಲಗೈಯವರು ಬಲದಿಂದ ಹೊರಡುವುದರಿಂದ ಅವರ ತುಂಬಿದ ಮನೆ ಬಲಗಡೆ ಬೀಳುತ್ತದೆ. ನಾನು ಎಡದಿಂದ ಹೊರಟೆ, ನನ್ನದು ಎಡಗಡೆ ಬಿತ್ತು. ನಾನು ಆ ಸಾಲನ್ನು ಕೊನೆಯಿಂದ ಓದಬೇಕಿತ್ತು: 5 ಖಾಲಿ, 1 ತುಂಬಿದ್ದು, 1 ಖಾಲಿ. 8ನೇ ಸಾಲಿನವರೆಗೂ ಅದೇ ತಪ್ಪು ಮುಂದುವರಿದು ಲಾಮ್‌ನ ಗೆರೆ ಪೂರ್ತಿ ಎಡಕ್ಕೆ ಸೇರಿತು.

ಆದ್ದರಿಂದ ಕಡ್ಡಿ ಹಿಡಿಯುವ ಮೊದಲು ಚಿತ್ರದ ನಡುವೆ ಒಂದು ಗೆರೆ ಎಳೆದು ನೋಡಿ. ಎರಡು ಬದಿಯೂ ಒಂದೇ ಆಗಿದ್ದರೆ ಬರೆದ ಸೂಚನೆಯನ್ನು ಇದ್ದಂತೆಯೇ ಪಾಲಿಸಬಹುದು. ಅಕ್ಷರ, ಅಂಕಿ, ಬಾಲಚಂದ್ರ ಇಂಥವು ಇದ್ದರೆ ಬರೆದ ಸೂಚನೆಯನ್ನು ಬದಿಗಿಟ್ಟು ಚಾರ್ಟನ್ನೇ ನೋಡಿ. ಚಾರ್ಟಿನ ಬದಿಯಲ್ಲಿ ಸಾಲಿನ ಸಂಖ್ಯೆಗಳು ಆ ಸಾಲು ಹೊರಡುವ ತುದಿಯಲ್ಲಿ ಇರುತ್ತವೆ. ಪೆನ್ಸಿಲಿನಿಂದ ಅವನ್ನು ಇನ್ನೊಂದು ತುದಿಗೆ ಬರೆದುಕೊಂಡರೆ ಗೊಂದಲವಿಲ್ಲ.

ನಮ್ಮಲ್ಲಿ ಹಲವರ ಮನೆಯಲ್ಲಿರುವ ನಮಾಜಿನ ಬಲೆ ಟೋಪಿಯನ್ನು ನಡುನೆತ್ತಿಯಿಂದ ಸುತ್ತು ಸುತ್ತಾಗಿ ಹೆಣೆಯುತ್ತಾರೆ. ಬಲಗೈಯವರ ಸುತ್ತು ಗಡಿಯಾರದ ವಿರುದ್ಧ, ನಮ್ಮದು ಗಡಿಯಾರದಂತೆ. ಒಂದೇ ವಿನ್ಯಾಸ ಸುತ್ತಲೂ ಮರುಕಳಿಸುವುದರಿಂದ ಟೋಪಿಗೆ ಬೇರೇನೂ ಬದಲಾವಣೆ ಬೇಡ. ಹೊಲಿಗೆಗಳು ಸ್ವಲ್ಪ ಇನ್ನೊಂದು ಬದಿಗೆ ವಾಲುತ್ತವೆ, ಅಷ್ಟೇ. ಆದರೆ ಟೋಪಿಯ ಒಳಬದಿ ಹೊರಬದಿಯಂತೆ ಕಾಣುವುದಿಲ್ಲ. ಅದರಲ್ಲಿ ಅಕ್ಷರ ಉಲ್ಟಾ ಬಂದರೆ ಬಿಚ್ಚುವುದೊಂದೇ ದಾರಿ.

ನನ್ನ ಹೊದಿಕೆಯನ್ನೂ ಬಿಚ್ಚಲು ಹೊರಟಿದ್ದೆ. ಅಮ್ಮಿ ಕೈ ಹಿಡಿದರು. "ಬೇಟಾ, ಪ್ರತಿ ಸಾಲಿಗೂ ತಿರುಗಿಸಿ ಹೆಣೆದಿದ್ದೀಯಲ್ಲ, ಇದಕ್ಕೆ ಒಳಗ್ಯಾವುದು, ಹೊರಗ್ಯಾವುದು?" ಎಂದು ಹೊದಿಕೆಯನ್ನು ಮಗುಚಿ ಹಾಸಿದರು. ಎಲ್ ಹೋಗಿ ಲಾಮ್ ಬಂತು. ಈಗ ಅದು ನಾನಿಯ ಚಹಾ ಟ್ರೇಯ ಮೇಲಿದೆ.